ಮೋಟಾರಿನ ಚಿತ್ರದ ಮುಂದೆ ಬಲಗೈ: ಸುರುಳಿ ಯಾವ ಕಡೆಗೆ ತಿರುಗುತ್ತದೆ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆರೆದವರಿಗೆಲ್ಲ ಪರಿಚಯವಿರುವ ಚಿತ್ರ ಅದು. ಎಡಕ್ಕೆ ಅಯಸ್ಕಾಂತದ ಉತ್ತರ ಧ್ರುವ, ಬಲಕ್ಕೆ ದಕ್ಷಿಣ ಧ್ರುವ. ನಡುವೆ ಮಲಗಿಸಿದ ಆಯತದಂತೆ ತಂತಿಯ ಸುರುಳಿ. ಮುಂದುಗಡೆ ಎರಡು ಹೋಳಾಗಿ ಸೀಳಿದ ಉಂಗುರ, ಅದಕ್ಕೆ ತಾಗಿಕೊಂಡ ಎರಡು ಬ್ರಷ್, ಕೆಳಗೆ ಬ್ಯಾಟರಿ. ಪ್ರಶ್ನೆ ಒಂದೇ ಸಾಲಿನದು: ಸುರುಳಿ ಯಾವ ದಿಕ್ಕಿಗೆ ತಿರುಗುತ್ತದೆ? ಉತ್ತರ ಎರಡರಲ್ಲಿ ಒಂದು. ಕಣ್ಣು ಮುಚ್ಚಿಕೊಂಡು ಬರೆದರೂ ಅರ್ಧದಷ್ಟು ಮಕ್ಕಳದು ಸರಿಯಾಗುತ್ತದೆ. ಹಾಗಾಗಿಯೇ ಈ ಪ್ರಶ್ನೆಯಲ್ಲಿ ಯಾರಿಗೆ ಅರ್ಥವಾಗಿದೆ, ಯಾರಿಗೆ ಆಗಿಲ್ಲ ಎಂಬುದು ಉತ್ತರಪತ್ರಿಕೆಯಿಂದ ತಿಳಿಯುವುದೇ ಇಲ್ಲ. ಕೈ ನೋಡಬೇಕು.

ನಾನು ಪಾಠ ಹೇಳಿಕೊಡುತ್ತಿದ್ದ ಹುಡುಗಿಯೊಬ್ಬಳು ನಿಯಮವನ್ನು ತಪ್ಪಿಲ್ಲದೆ ಹೇಳುತ್ತಿದ್ದಳು, ಉತ್ತರ ಮಾತ್ರ ಪ್ರತಿ ಸಲ ತಿರುಗುಮುರುಗು. ಎರಡು ದಿನ ನನಗೂ ಕಾರಣ ಹೊಳೆಯಲಿಲ್ಲ. ಮೂರನೇ ದಿನ ಪಕ್ಕದಲ್ಲಿ ಕೂತು ನೋಡಿದೆ. ಅವಳ ಬಲಗೈಯಲ್ಲಿ ಪೆನ್ನಿತ್ತು. ಪೆನ್ನು ಕೆಳಗಿಡದೆ, ಬಿಡುವಾಗಿದ್ದ ಎಡಗೈಯನ್ನೇ ಎತ್ತಿ ಬಲಗೈ ನಿಯಮ ಹಾಕುತ್ತಿದ್ದಳು. ಮೊದಲು ಪೆನ್ನು ಕೆಳಗಿಡಿ.

ಇನ್ನು ಯಾವ ಕೈ ಎಂಬ ಗೊಂದಲ. ನಮ್ಮ ಹೈಸ್ಕೂಲು ಪುಸ್ತಕ ಮೋಟಾರಿಗೆ ಫ್ಲೆಮಿಂಗ್‌ನ ಎಡಗೈ ನಿಯಮ ಕಲಿಸುತ್ತದೆ. ಪಿಯುಸಿಗೆ ಬಂದರೆ, ಇಲ್ಲವೇ ಬೇರೆ ದೇಶದ ಪಾಠವೊಂದನ್ನು ನೋಡಿದರೆ, ಅದೇ ಮೋಟಾರಿಗೆ ಬಲಗೈ ಹಿಡಿಯುತ್ತಾರೆ. ಎರಡೂ ಸರಿ. ಆದರೆ ಎರಡರಲ್ಲಿ ಬೆರಳುಗಳಿಗೆ ಕೊಟ್ಟಿರುವ ಕೆಲಸ ಬೇರೆ. ಎಡಗೈ ನಿಯಮದ ಬೆರಳುಗಳನ್ನು ಹಾಗೇ ತಂದು ಬಲಗೈಗೆ ತೊಡಿಸಿದರೆ ಉತ್ತರ ಪೂರಾ ಉಲ್ಟಾ ಆಗುತ್ತದೆ. ಇಲ್ಲಿ ನಾನು ಬಳಸುವುದು ಬಲಗೈ ಅಂಗೈಯ ನಿಯಮ. ಅದು ಹೀಗಿದೆ: ಬಲಗೈಯನ್ನು ಚಪ್ಪಟೆಯಾಗಿ ಚಾಚಿ, ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಅಡ್ಡವಾಗಿ ಬಿಡಿಸಿ. ಹೆಬ್ಬೆರಳು ವಿದ್ಯುತ್ ಹರಿಯುವ ಕಡೆಗಿರಲಿ. ಉಳಿದ ನಾಲ್ಕು ಬೆರಳು ಕಾಂತಕ್ಷೇತ್ರದ ಕಡೆಗಿರಲಿ. ಆಗ ಅಂಗೈ ಯಾವ ಕಡೆಗೆ ಮುಖ ಮಾಡಿದೆಯೋ ತಂತಿಯ ಮೇಲೆ ಆ ಕಡೆಗೇ ಬಲ ಬೀಳುತ್ತದೆ. ನೆನಪಿಡುವುದು ಕಷ್ಟವಲ್ಲ. ಬಾಗಿಲನ್ನು ತಳ್ಳುವುದು ಅಂಗೈಯಿಂದಲೇ ತಾನೆ, ಇಲ್ಲಿ ತಂತಿಯನ್ನು ತಳ್ಳುವುದೂ ಅಂಗೈಯೇ.

ಕೈ ಎತ್ತುವ ಮುಂಚೆ ಚಿತ್ರದ ಮೇಲೆ ಎರಡು ಬಾಣ ಬರೆಯಬೇಕು. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಈ ಬಾಣಗಳಲ್ಲೇ ಹುಟ್ಟಿದವು, ಕೈಯಲ್ಲಲ್ಲ. ಮೊದಲ ಬಾಣ ಕಾಂತಕ್ಷೇತ್ರದ್ದು. ಧ್ರುವಗಳ ನಡುವಿನ ಖಾಲಿ ಜಾಗದಲ್ಲಿ ಕ್ಷೇತ್ರ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ನಮ್ಮ ಚಿತ್ರದಲ್ಲಿ ಅದು ಎಡದಿಂದ ಬಲಕ್ಕೆ. ಈ ಬಾಣ ಇಡೀ ಸುರುಳಿಗೆ ಒಂದೇ, ಎಡಬದಿಯ ತಂತಿಗೆ ಒಂದು, ಬಲಬದಿಗೆ ಇನ್ನೊಂದು ಎಂದಿಲ್ಲ.

ಎರಡನೆಯ ಬಾಣ ವಿದ್ಯುತ್ತಿನದು, ಇದನ್ನು ಊಹಿಸಬಾರದು. ಬ್ಯಾಟರಿಯ ಧನ ತುದಿಯ ಮೇಲೆ ಬೆರಳಿಟ್ಟು ತಂತಿಯ ಗುಂಟ ನಡೆಯಬೇಕು. ನಮ್ಮ ಚಿತ್ರದಲ್ಲಿ ಧನ ತುದಿ ಎಡ ಬ್ರಷ್‌ಗೆ ಸೇರಿದೆ. ಅಲ್ಲಿಂದ ಉಂಗುರದ ಎಡ ಹೋಳು, ಆ ಹೋಳಿನಿಂದ ಸುರುಳಿಯ ಎಡಬಾಹು. ಎಡಬಾಹುವಿನಲ್ಲಿ ವಿದ್ಯುತ್ ನಮ್ಮಿಂದ ದೂರಕ್ಕೆ, ಅಂದರೆ ಚಿತ್ರದ ಆಳಕ್ಕೆ ಹೋಗುತ್ತದೆ. ಹಿಂದುಗಡೆಯ ಅಡ್ಡತಂತಿಯಲ್ಲಿ ಎಡದಿಂದ ಬಲಕ್ಕೆ ದಾಟಿ, ಬಲಬಾಹುವಿನ ಮೂಲಕ ನಮ್ಮ ಕಡೆಗೆ ವಾಪಸು ಬರುತ್ತದೆ. ಆಮೇಲೆ ಬಲ ಹೋಳು, ಬಲ ಬ್ರಷ್, ಬ್ಯಾಟರಿಯ ಋಣ ತುದಿ. ಇದು ಸಾಂಪ್ರದಾಯಿಕ ವಿದ್ಯುತ್ ಪ್ರವಾಹದ ದಿಕ್ಕು, ಧನದಿಂದ ಋಣಕ್ಕೆ. ಎಲೆಕ್ಟ್ರಾನುಗಳು ಇದಕ್ಕೆ ಎದುರಾಗಿ ಓಡುತ್ತವೆ ಎಂದು ಕಲಿತವರು ಜಾಣತನ ತೋರಿಸಲು ಹೋಗಿ ಆ ದಿಕ್ಕನ್ನು ಹೆಬ್ಬೆರಳಿಗೆ ಕೊಟ್ಟರೆ ಅಲ್ಲೇ ಎಡವುತ್ತಾರೆ. ಬಲಗೈ ನಿಯಮ ಧನ ಆವೇಶದ ಲೆಕ್ಕದಲ್ಲಿ ಕಟ್ಟಿದ್ದು.

ಈಗ ನನಗೆ ತುಂಬ ಮುಖ್ಯವೆನಿಸುವ ಹೆಜ್ಜೆ. ಪುಸ್ತಕದ ಓರೆ ಚಿತ್ರವನ್ನು ಬಿಟ್ಟು, ಉಂಗುರದ ಕಡೆಯಿಂದ ನೇರ ನೋಡಿದರೆ ಸುರುಳಿ ಹೇಗೆ ಕಾಣುತ್ತದೋ ಅದನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದುಕೊಳ್ಳಿ. ಉದ್ದದ ಎರಡು ಬಾಹುಗಳು ಎರಡು ಚಿಕ್ಕ ವೃತ್ತಗಳಾಗಿ ಕಾಣುತ್ತವೆ. ವಿದ್ಯುತ್ ನಮ್ಮಿಂದ ದೂರ ಹೋಗುವ ಎಡ ವೃತ್ತದೊಳಗೆ ಗುಣಾಕಾರದ ಗುರುತು ⊗, ನಮ್ಮ ಕಡೆಗೆ ಬರುವ ಬಲ ವೃತ್ತದೊಳಗೆ ಚುಕ್ಕೆ ⊙. ಹಾರುವ ಬಾಣವನ್ನು ನೆನೆಸಿಕೊಳ್ಳಿ. ಎದುರಿಗೆ ಬರುವಾಗ ಅದರ ಮೊನೆ ಚುಕ್ಕೆಯಾಗಿ ಕಾಣುತ್ತದೆ, ದೂರ ಹೋಗುವಾಗ ಹಿಂಬದಿಯ ಗರಿಗಳು ಅಡ್ಡಡ್ಡ ಕಾಣುತ್ತವೆ. ಎರಡು ವೃತ್ತದ ನಡುವೆ ಎಡದಿಂದ ಬಲಕ್ಕೆ ಕ್ಷೇತ್ರದ ಬಾಣ ಎಳೆದರೆ ಆಯಿತು. ಓರೆ ಚಿತ್ರದಲ್ಲಿ ಕಣ್ಣಿಗೆ ಮೋಸವಾಗುತ್ತದೆ, ಈ ಚಿಕ್ಕ ಚಿತ್ರದಲ್ಲಿ ಆಗುವುದಿಲ್ಲ.

ಈಗ ಬಲಗೈ ಎತ್ತಿದರೂ ಒಂದು ತೊಡಕಿದೆ. ಬೆರಳು ಬಲಕ್ಕೆ ತೋರಿಸುತ್ತ ಹೆಬ್ಬೆರಳನ್ನು ಮೇಜಿನೊಳಕ್ಕೆ ಇಳಿಸಬೇಕೆಂದರೆ ಮಣಿಕಟ್ಟು ತಿರುಚಿಕೊಳ್ಳುತ್ತದೆ, ಅಷ್ಟರಲ್ಲಿ ಮಕ್ಕಳಿಗೆ ತಾಳ್ಮೆ ಕೆಡುತ್ತದೆ. ಕೈ ತಿರುಚುವ ಬದಲು ನೋಟ್‌ಬುಕ್ಕನ್ನೇ ತಿರುಗಿಸಿ. ಕ್ಷೇತ್ರದ ಬಾಣ ನಿಮ್ಮ ಎದೆಯಿಂದ ಮುಂದಕ್ಕೆ ಹೋಗುವಂತೆ ಪುಸ್ತಕವನ್ನು ಕಾಲು ಸುತ್ತು ತಿರುವಿ. ಈಗ ಉತ್ತರ ಧ್ರುವ ನಿಮ್ಮ ಹತ್ತಿರ, ದಕ್ಷಿಣ ಧ್ರುವ ದೂರ. ಯಾರಿಗೋ ಕೈಕುಲುಕಲು ಹೊರಟವರಂತೆ ಬಲಗೈ ಚಾಚಿ. ಬೆರಳುಗಳು ಮುಂದಕ್ಕೆ, ಅಂದರೆ ಕ್ಷೇತ್ರದ ದಿಕ್ಕಿಗೆ. ಹೆಬ್ಬೆರಳು ಮೇಲಕ್ಕೆ, ಹಾಳೆಯಿಂದ ಹೊರಕ್ಕೆ, ಅಂದರೆ ⊙. ಅಂಗೈ ನಿಮ್ಮ ಎಡಕ್ಕೆ ನೋಡುತ್ತಿದೆ. ಚುಕ್ಕೆಯ ವೃತ್ತದ ಮೇಲೆ ಎಡಕ್ಕೊಂದು ಬಾಣ ಹಾಕಿ ಪುಸ್ತಕವನ್ನು ಮೊದಲಿನಂತೆ ತಿರುಗಿಸಿ. ಆ ಬಾಣ ಈಗ ಮೇಲ್ಮುಖವಾಗಿದೆ! ಬಲಬಾಹು ಮೇಲಕ್ಕೆ ಹೋಗುತ್ತದೆ ಎಂದಾಯಿತು.

ಎಡಬಾಹುವಿಗೆ ಮತ್ತೆ ಕೈ ಹಿಡಿಯಬೇಕಿಲ್ಲ. ಕ್ಷೇತ್ರ ಅದೇ, ವಿದ್ಯುತ್ ಮಾತ್ರ ವಿರುದ್ಧ, ಆದ್ದರಿಂದ ಬಲವೂ ವಿರುದ್ಧ, ಕೆಳಕ್ಕೆ. ಎಡ ಕೆಳಕ್ಕೆ, ಬಲ ಮೇಲಕ್ಕೆ ಎಂದರೆ ಸುರುಳಿ ಗಡಿಯಾರದ ಮುಳ್ಳಿಗೆ ಎದುರಾಗಿ, ಅಪ್ರದಕ್ಷಿಣವಾಗಿ ತಿರುಗುತ್ತದೆ. ಉತ್ತರದ ಜೊತೆ "ಉಂಗುರದ ಕಡೆಯಿಂದ ನೋಡಿದಾಗ" ಎಂಬ ಮಾತು ಬರೆಯಲೇಬೇಕು. ಹಿಂದುಗಡೆ ನಿಂತು ನೋಡಿದವರಿಗೆ ಅದೇ ಸುರುಳಿ ಪ್ರದಕ್ಷಿಣವಾಗಿ ತಿರುಗುತ್ತಿರುತ್ತದೆ, ಅವರದೂ ತಪ್ಪಲ್ಲ.

ಹಿಂದಿನ ಅಡ್ಡತಂತಿಯ ಕಥೆಯೇನು ಎಂದು ಕೆಲವರು ಕೇಳುತ್ತಾರೆ. ಸುರುಳಿ ಮಲಗಿದ್ದಾಗ ಅದರಲ್ಲಿ ವಿದ್ಯುತ್ ಕ್ಷೇತ್ರದ ದಿಕ್ಕಿನಲ್ಲೇ ಹರಿಯುತ್ತದೆ. ಹೆಬ್ಬೆರಳು, ಬೆರಳು ಎರಡೂ ಒಂದೇ ಕಡೆಗೆಂದರೆ ಅಂಗೈಗೆ ಕೆಲಸವಿಲ್ಲ, ಬಲ ಸೊನ್ನೆ. ಸುರುಳಿ ಓರೆಯಾದಾಗ ಅಲ್ಲೂ ಬಲ ಹುಟ್ಟುತ್ತದೆ, ಆದರೆ ಅದು ಅಚ್ಚಿನ ಉದ್ದಕ್ಕೆ ಎಳೆಯುತ್ತದೆಯೇ ಹೊರತು ಸುರುಳಿಯನ್ನು ತಿರುಗಿಸುವುದಿಲ್ಲ.

ಬಂದ ಉತ್ತರವನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬಹುದು, ಇದಕ್ಕೂ ಬಲಗೈಯೇ. ಈ ಸಲ ನಾಲ್ಕು ಬೆರಳನ್ನು ಸುರುಳಿಯಲ್ಲಿ ವಿದ್ಯುತ್ ಸುತ್ತುವ ರೀತಿಯಲ್ಲಿ ಬಾಗಿಸಿ. ಹೆಬ್ಬೆರಳು ತೋರಿಸುವ ಮುಖ ಸುರುಳಿಯ ಉತ್ತರ ಧ್ರುವ, ಏಕೆಂದರೆ ವಿದ್ಯುತ್ ಹರಿಯುವ ಸುರುಳಿಯೂ ಒಂದು ಅಯಸ್ಕಾಂತವೇ. ಮೇಲಿನಿಂದ ನೋಡಿದರೆ ನಮ್ಮ ಸುರುಳಿಯಲ್ಲಿ ವಿದ್ಯುತ್ ಎಡದಲ್ಲಿ ಹಿಂದಕ್ಕೆ ಹೋಗಿ ಬಲದಲ್ಲಿ ಮುಂದಕ್ಕೆ ಬರುತ್ತದೆ, ಅಂದರೆ ಪ್ರದಕ್ಷಿಣ. ಹೆಬ್ಬೆರಳು ಕೆಳಕ್ಕೆ. ಸುರುಳಿಯ ಅಡಿಮುಖವೇ ಅದರ ಉತ್ತರ ಧ್ರುವ. ಅದನ್ನು ಬಲಗಡೆಯ ದಕ್ಷಿಣ ಧ್ರುವ ಸೆಳೆಯುತ್ತದೆ, ಎಡಗಡೆಯ ಉತ್ತರ ಧ್ರುವ ದೂಡುತ್ತದೆ. ಕೆಳಗೆ ನೋಡುತ್ತಿದ್ದ ಮುಖ ಬಲಕ್ಕೆ ಹೊರಳಬೇಕು. ಗಡಿಯಾರದಲ್ಲಿ 6ರಿಂದ 3ರ ಕಡೆಗೆ ಎಂದರೆ ಅಪ್ರದಕ್ಷಿಣ. ಎರಡು ದಾರಿಯೂ ಒಂದೇ ಕಡೆ ಸೇರಿದವು. ಸೇರದಿದ್ದರೆ ಎರಡರಲ್ಲೊಂದು ಕಡೆ ಕೈ ತಪ್ಪಿದೆ ಎಂದು ಲೆಕ್ಕ, ಎರಡನ್ನೂ ಮತ್ತೆ ಹಿಡಿದು ನೋಡಿ.

ಈ ಬಲ ಎಷ್ಟಿರುತ್ತದೆ ಎಂದೂ ಒಮ್ಮೆ ನೋಡೋಣ. ತಂತಿ ಕ್ಷೇತ್ರಕ್ಕೆ ಲಂಬವಾಗಿದ್ದಾಗ F = BIL. ಕ್ಷೇತ್ರ 0.1 ಟೆಸ್ಲಾ, ವಿದ್ಯುತ್ 2 ಆಂಪಿಯರ್, ಬಾಹುವಿನ ಉದ್ದ 5 ಸೆಂಟಿಮೀಟರ್ ಎಂದರೆ ಒಂದು ಸುತ್ತಿನ ತಂತಿಗೆ 0.01 ನ್ಯೂಟನ್. ಸುರುಳಿಗೆ 10 ಸುತ್ತಿದ್ದರೆ 0.1 ನ್ಯೂಟನ್, ಹೆಚ್ಚುಕಡಿಮೆ 10 ಗ್ರಾಂ ತೂಕದಷ್ಟು. ಒಂದು ಬದಿಯನ್ನು 10 ಗ್ರಾಂ ಮೇಲಕ್ಕೆತ್ತುತ್ತಿದೆ, ಇನ್ನೊಂದು ಬದಿಯನ್ನು 10 ಗ್ರಾಂ ಕೆಳಕ್ಕೆ ಒತ್ತುತ್ತಿದೆ. ಪುಟ್ಟ ಸುರುಳಿಯೊಂದು ತಿರುಗಲು ಇಷ್ಟು ಧಾರಾಳ ಸಾಕು.

ಸುರುಳಿ ತಿರುಗುತ್ತ ಹೋದಂತೆ ಆ ಬಲ ಕಮ್ಮಿಯಾಗುವುದಿಲ್ಲ. ಬಾಹುಗಳು ಕ್ಷೇತ್ರಕ್ಕೆ ಸದಾ ಲಂಬವಾಗಿಯೇ ಇರುತ್ತವೆ. ಕಮ್ಮಿಯಾಗುವುದು ತಿರುಗಿಸುವ ಶಕ್ತಿ. ಮಲಗಿದ್ದಾಗ ಮೇಲೆ ಕೆಳಗಿನ ಎಳೆತಗಳು ಅಚ್ಚಿನಿಂದ ಪೂರ್ತಿ ದೂರದಲ್ಲಿದ್ದವು. 60 ಡಿಗ್ರಿ ಎದ್ದಾಗ ಆ ಅಡ್ಡದೂರ ಅರ್ಧಕ್ಕೆ ಇಳಿಯುತ್ತದೆ, ತಿರುಗಿಸುವ ಶಕ್ತಿಯೂ ಅರ್ಧ. ಸುರುಳಿ ನೆಟ್ಟಗೆ ನಿಂತಾಗ ಕೆಳಗಿರುವ ಬಾಹುವನ್ನು ಇನ್ನೂ ಕೆಳಕ್ಕೆ, ಮೇಲಿರುವುದನ್ನು ಇನ್ನೂ ಮೇಲಕ್ಕೆ ಎಳೆಯುತ್ತದೆ ಅಷ್ಟೆ. ಸುರುಳಿ ಜಗ್ಗಿಸಿಕೊಳ್ಳುತ್ತದೆ, ತಿರುಗುವುದಿಲ್ಲ. ಆ ಕ್ಷಣ ದಾಟುವುದು ಬಂದ ವೇಗದ ಬಲದಿಂದ.

ದಾಟಿದ ಮೇಲೆ ಏನು? ಮೊದಲಿನ ಎಡಬಾಹು ಈಗ ಬಲಗಡೆಗೆ ಬಂದಿದೆ. ಅದರಲ್ಲಿ ಇನ್ನೂ ವಿದ್ಯುತ್ ನಮ್ಮಿಂದ ದೂರಕ್ಕೇ ಹೋಗುತ್ತಿದ್ದರೆ ಅಂಗೈ ಅದನ್ನು ಇನ್ನೂ ಕೆಳಕ್ಕೇ ತಳ್ಳುತ್ತದೆ, ಸುರುಳಿ ಬಂದ ದಾರಿಗೆ ವಾಪಸಾಗುತ್ತದೆ. ಸೀಳಿದ ಉಂಗುರ ಇರುವುದು ಇದನ್ನು ತಪ್ಪಿಸಲಿಕ್ಕೆ. ಸುರುಳಿ ನೆಟ್ಟಗೆ ನಿಲ್ಲುವ ಹೊತ್ತಿಗೆ ಸರಿಯಾಗಿ ಉಂಗುರದ ಸೀಳು ಬ್ರಷ್‌ಗಳ ಮುಂದೆ ಹಾದು ಹೋಗುತ್ತದೆ, ಹೋಳುಗಳು ಬ್ರಷ್ ಬದಲಾಯಿಸುತ್ತವೆ, ಸುರುಳಿಯೊಳಗಿನ ವಿದ್ಯುತ್ ಮಗುಚುತ್ತದೆ. ಆದ್ದರಿಂದ ದಿಕ್ಕು ಹೇಳುವಾಗ ಯಾವ ತಂತಿ ಎಂದು ಬೆನ್ನು ಹತ್ತಬೇಡಿ, ಯಾವ ಜಾಗ ಎಂದು ನೋಡಿ. ನಮ್ಮ ಚಿತ್ರದಲ್ಲಿ ಉತ್ತರ ಧ್ರುವದ ಬದಿಗೆ ಬಂದ ತಂತಿ, ಅದು ಯಾವುದೇ ಇರಲಿ, ⊗ ಆಗುತ್ತದೆ ಮತ್ತು ಕೆಳಗಿಳಿಯುತ್ತದೆ. ದಕ್ಷಿಣದ ಬದಿಗೆ ಬಂದದ್ದು ⊙ ಆಗಿ ಮೇಲೇರುತ್ತದೆ. ಕೈಯನ್ನು ಒಂದೇ ಸಲ ಹಿಡಿದರೆ ಇಡೀ ಸುತ್ತಿಗೂ ಅದೇ ಉತ್ತರ.

ಬ್ಯಾಟರಿಯ ತುದಿ ಅದಲುಬದಲು ಮಾಡಿದರೆ ಹೆಬ್ಬೆರಳು ತಿರುಗುತ್ತದೆ, ಅಂಗೈ ಮಗುಚುತ್ತದೆ, ಸುರುಳಿ ಪ್ರದಕ್ಷಿಣವಾಗುತ್ತದೆ. ಅಯಸ್ಕಾಂತ ಅದಲುಬದಲು ಮಾಡಿದರೂ ಅಷ್ಟೇ. ಎರಡನ್ನೂ ಒಟ್ಟಿಗೆ ಮಾಡಿದರೆ? ಹೆಬ್ಬೆರಳನ್ನೂ ಬೆರಳುಗಳನ್ನೂ ಎದುರು ದಿಕ್ಕಿಗೆ ತಿರುಗಿಸಿ ನೋಡಿ, ಅಂಗೈ ಮೊದಲಿದ್ದ ಕಡೆಗೇ ನೋಡುತ್ತದೆ. ಅಡುಗೆಮನೆಯ ಮಿಕ್ಸಿ ಓಡುವುದು ಇದರ ಮೇಲೆಯೇ. ಅದರಲ್ಲಿ ಶಾಶ್ವತ ಅಯಸ್ಕಾಂತದ ಬದಲು ಕ್ಷೇತ್ರ ಹುಟ್ಟಿಸುವ ಫೀಲ್ಡ್ ಕಾಯಿಲ್ ಎಂಬ ಸುರುಳಿ ಇದೆ, ಅದೂ ಆರ್ಮೇಚರ್ ಎಂಬ ತಿರುಗುವ ಸುರುಳಿಯೂ ಒಂದೇ ಸರಣಿಯಲ್ಲಿವೆ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಕ್ಷೇತ್ರ, ವಿದ್ಯುತ್ ಎರಡೂ ಒಟ್ಟಿಗೆ ಮಗುಚುವುದರಿಂದ ಬ್ಲೇಡು ಒಂದೇ ಕಡೆಗೆ ತಿರುಗುತ್ತದೆ. ಪ್ಲಗ್ಗನ್ನು ಹೇಗೆ ಚುಚ್ಚಿದರೂ ಮಿಕ್ಸಿ ಹಿಂದುಮುಂದಾಗಿ ಓಡದಿರುವುದು ಅದಕ್ಕೇ.

ಫ್ಲೆಮಿಂಗ್‌ನ ಬಲಗೈ ನಿಯಮ ಜನರೇಟರಿಗೆ ಮಾತ್ರ ಎಂದು ಪುಸ್ತಕ ಹೇಳುತ್ತದಲ್ಲ, ಹಾಗಾದರೆ ನಾವು ಮೋಟಾರಿಗೆ ಬಲಗೈ ಹಿಡಿದದ್ದು ತಪ್ಪಲ್ಲವೇ ಎಂಬ ಅನುಮಾನ ಉಳಿದಿರಬಹುದು. ಜಾನ್ ಆಂಬ್ರೋಸ್ ಫ್ಲೆಮಿಂಗ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದವರು. ವಿದ್ಯಾರ್ಥಿಗಳಿಗೆ ನೆನಪಿರಲೆಂದು 19ನೇ ಶತಮಾನದ ಕೊನೆಯ ಭಾಗದಲ್ಲಿ ಅವರು ಈ ಮೂರು ಬೆರಳಿನ ಉಪಾಯ ಮಾಡಿದರು. ಎರಡು ಕೈಯಲ್ಲೂ ಹೆಬ್ಬೆರಳಿಗೆ ಚಲನೆ, ತೋರುಬೆರಳಿಗೆ ಕ್ಷೇತ್ರ, ನಡುಬೆರಳಿಗೆ ವಿದ್ಯುತ್. ಬೆರಳುಗಳ ಹೆಸರು ಬದಲಾಗದೇ ಇರುವುದರಿಂದ ಕೈ ಬದಲಾಗಬೇಕಾಯಿತು. ಅಂಗೈ ನಿಯಮದಲ್ಲಿ ಇದಕ್ಕೆ ತಿರುಗುಮುರುಗಾಗಿ ಕೈ ಒಂದೇ, ಹೆಬ್ಬೆರಳಿನ ಅರ್ಥವೂ ಒಂದೇ: ಆವೇಶ ಯಾವ ಕಡೆಗೆ ಸಾಗುತ್ತಿದೆ? ಮೋಟಾರಿನಲ್ಲಿ ಆವೇಶ ತಂತಿಯ ಗುಂಟ ಸಾಗುತ್ತದೆ, ಅಂಗೈಯ ತಳ್ಳು ತಂತಿಗೆ ಅಡ್ಡವಾಗಿ ಬಿದ್ದು ತಂತಿ ಚಲಿಸುತ್ತದೆ. ಜನರೇಟರಿನಲ್ಲಿ ನಾವು ತಂತಿಯನ್ನೇ ಅಡ್ಡಕ್ಕೆ ಒಯ್ಯುತ್ತೇವೆ, ಒಳಗಿನ ಆವೇಶವೂ ಅದರೊಂದಿಗೆ ಅಡ್ಡಕ್ಕೆ ಸಾಗುತ್ತದೆ, ಅಂಗೈಯ ತಳ್ಳು ಈಗ ತಂತಿಯ ಗುಂಟ ಬಿದ್ದು ವಿದ್ಯುತ್ ಹರಿಯುತ್ತದೆ. ನನ್ನ ಮಟ್ಟಿಗೆ ಅಂಗೈ ನಿಯಮವೇ ಲೇಸು ಎನ್ನುವುದು ಈ ಕಾರಣಕ್ಕೆ. ಪರೀಕ್ಷೆಯಲ್ಲಿ ಫ್ಲೆಮಿಂಗ್‌ನ ನಿಯಮವನ್ನೇ ಕೇಳಿದ್ದರೆ ಮಾತ್ರ ಎಡಗೈಯ ಹೆಸರೇ ಬರೆಯಿರಿ, ದಿಕ್ಕು ಅದೇ ಬರುತ್ತದೆ.

ಕಾಗದದ ಮೇಲೆ ಬಂದದ್ದನ್ನು ಮೇಜಿನ ಮೇಲೆ ನೋಡದೆ ನನಗೆ ಸಮಾಧಾನವಿಲ್ಲ. 1.5 ವೋಲ್ಟಿನ ದೊಡ್ಡ ಸೆಲ್ಲಿಗೇ ಎನಾಮೆಲ್ ತಾಮ್ರದ ತಂತಿಯನ್ನು 10-15 ಸುತ್ತು ಸುತ್ತಿ ತೆಗೆಯಿರಿ, ಎರಡು ತುದಿ ಎಡಕ್ಕೂ ಬಲಕ್ಕೂ ಅಚ್ಚಿನಂತೆ ನೇರ ಚಾಚಿರಲಿ. ಎರಡು ಸೇಫ್ಟಿ ಪಿನ್ನುಗಳ ಕಣ್ಣಿನಲ್ಲಿ ಅದನ್ನು ತೂಗುಹಾಕಿ, ಕೆಳಗೆ ಬಿಲ್ಲೆ ಅಯಸ್ಕಾಂತ ಇಡಿ. ಅಯಸ್ಕಾಂತದ ಉತ್ತರ ಮುಖ ಯಾವುದು ಎಂಬುದನ್ನು ದಿಕ್ಸೂಚಿಯಿಂದ ಮೊದಲೇ ಗುರುತಿಸಿ. ದಿಕ್ಸೂಚಿಯ ಉತ್ತರದ ಮೊನೆಯನ್ನು ದೂಡುವ ಮುಖವೇ ಉತ್ತರ. ಒಂದು ಗೇಣು ದೂರದಿಂದಲೇ ನೋಡಿ, ಬಲವಾದ ಅಯಸ್ಕಾಂತವನ್ನು ತೀರ ಹತ್ತಿರ ತಂದರೆ ಮುಳ್ಳಿನ ಕಾಂತವೇ ಮಗುಚಿಬಿಡುತ್ತದೆ. ಉತ್ತರ ಮುಖ ಮೇಲಕ್ಕಿಟ್ಟರೆ ಸುರುಳಿ ಇರುವ ಜಾಗದಲ್ಲಿ ಕ್ಷೇತ್ರ ಮೇಲ್ಮುಖ.

ಇಲ್ಲಿ ಸೀಳಿದ ಉಂಗುರವಿಲ್ಲ. ಅದರ ಬದಲು ಒಂದು ತುದಿಯ ಎನಾಮೆಲನ್ನು ಸುತ್ತಲೂ ಕೆರೆದು, ಇನ್ನೊಂದು ತುದಿಯದನ್ನು ಅರ್ಧ ಬದಿ ಮಾತ್ರ ಕೆರೆಯುತ್ತಾರೆ. ಅರ್ಧ ಸುತ್ತು ವಿದ್ಯುತ್ ಹರಿಯುತ್ತದೆ, ಉಳಿದರ್ಧ ಸುರುಳಿ ವೇಗದಲ್ಲೇ ದಾಟುತ್ತದೆ. ಕೆರೆದ ಭಾಗ ಪಿನ್ನಿಗೆ ತಾಗಿ ಸುರುಳಿ ನೆಟ್ಟಗೆ ನಿಂತ ಸ್ಥಿತಿಯಲ್ಲಿ ವಿದ್ಯುತ್ತಿನ ಜಾಡು ಹಿಡಿಯಿರಿ. ಧನ ತುದಿ ಎಡ ಪಿನ್ನಿಗಿದೆ, ಎಡದಿಂದ ಬಂದ ತಂತಿ ಮೊದಲು ಕೆಳಗಿಳಿದು ಬಲಕ್ಕೆ ಸಾಗುತ್ತದೆ ಎಂದಿಟ್ಟುಕೊಳ್ಳಿ. ಸುರುಳಿಯ ಕೆಳಭಾಗದಲ್ಲಿ ವಿದ್ಯುತ್ ಬಲಕ್ಕೆ, ಕ್ಷೇತ್ರ ಮೇಲಕ್ಕೆ. ಬೆಳಿಗ್ಗೆ ಎದ್ದ ಕೂಡಲೆ ಅಂಗೈ ನೋಡಿಕೊಳ್ಳುತ್ತಾರಲ್ಲ, ಹಾಗೆ ಬಲಗೈಯನ್ನು ಮುಖದ ಮುಂದೆ ಹಿಡಿಯಿರಿ. ಬೆರಳು ಮೇಲಕ್ಕೆ, ಹೆಬ್ಬೆರಳು ಬಲಕ್ಕೆ, ಅಂಗೈ ನಿಮ್ಮ ಕಡೆಗೆ. ಸುರುಳಿಯ ಕೆಳಭಾಗ ನಿಮ್ಮತ್ತ ಬರಬೇಕು, ಮೇಲ್ಭಾಗ ನಿಮ್ಮಿಂದ ದೂರ ಹೋಗಬೇಕು.

ಸೆಲ್ ಸೇರಿಸಿ ಮೆಲ್ಲಗೆ ತಟ್ಟಿ. ಹೇಳಿದ ದಿಕ್ಕಿಗೆ ತಟ್ಟಿದರೆ ವೇಗ ಹಿಡಿಯುತ್ತದೆ, ಎದುರು ದಿಕ್ಕಿಗೆ ತಟ್ಟಿದರೆ ತಡವರಿಸಿ ನಿಂತು ಸರಿದಾರಿಗೆ ಹೊರಳುತ್ತದೆ. ತಂತಿ ಬೇಗ ಬಿಸಿಯಾಗುತ್ತದೆ, ಹೆಚ್ಚು ಹೊತ್ತು ಓಡಿಸಬೇಡಿ. ಯಾವ ಕಡೆಗೂ ತಿರುಗದೆ ಒಂದೆರಡು ಸಲ ತೂಗಾಡಿ ನಿಂತುಬಿಟ್ಟರೆ ನಿಯಮ ತಪ್ಪಿಲ್ಲ, ಕೆರೆದದ್ದು ತಪ್ಪಿದೆ. ಸುರುಳಿಯನ್ನು ಮೇಜಿನ ಮೇಲೆ ಮಲಗಿಸಿಕೊಂಡು ತುದಿಯ ಮೇಲ್ಬದಿಯನ್ನು ಕೆರೆದಿರುತ್ತಾರೆ. ಆಗ ವಿದ್ಯುತ್ ಹರಿಯುವ ಅರ್ಧ ಸುತ್ತಿನ ನಡುವಿನಲ್ಲೇ ತಿರುಗಿಸುವ ಶಕ್ತಿಯ ದಿಕ್ಕು ಮಗುಚಿ, ಮೊದಲು ಕೊಟ್ಟ ವೇಗವನ್ನು ಆಮೇಲೆ ಕಸಿದುಕೊಳ್ಳುತ್ತದೆ. ಹೊಸ ತಂತಿ ತೆಗೆದುಕೊಂಡು, ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ತುದಿಯ ಮೇಲ್ಬದಿಯನ್ನು ಮಾತ್ರ ಕೆರೆಯಿರಿ.